ರಂಗಪ್ಪನವರ ಹಲ್ಲಿನ ಎರಡು ಸೆಟ್ಟುಗಳು

ಹೊಸದಾಗಿ ಕ್ಲಿನಿಕ್ ತೆರೆದ ಹುಡುಗ ಹುಡುಗಿಯರು ಆಗಾಗ ನನ್ನನ್ನು ಕಾಣಲು ಬರುತ್ತಾರೆ. ಬಂದವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಮೇಡಂ, ನಿಮ್ಮ ಕೈಗೆ ಬಂದ ಅತಿ ಕಷ್ಟದ ಕೇಸು ಯಾವುದು?" ಅಪಘಾತದಲ್ಲಿ ಚೂರಾದ ದವಡೆಯದೋ, ನಿಲ್ಲದ ರಕ್ತದ್ದೋ ಕಥೆ ಬರುತ್ತದೆಂದು ಅವರು ಕಾಯುತ್ತಾರೆ. ನಾನು ಹೇಳುವುದು ಬಾಯಲ್ಲಿ ಒಂದೂ ಹಲ್ಲಿಲ್ಲದ ಒಬ್ಬ ತಾತನ ಕಥೆ. ಅದರಲ್ಲಿ ರಕ್ತವಿಲ್ಲ, ಹೊಲಿಗೆಯಿಲ್ಲ. ಆದರೂ ನೆನೆದರೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ, ಯಾಕೆಂದರೆ ತಪ್ಪು ನನ್ನದೇ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಶಿವಮೊಗ್ಗದಲ್ಲಿ ಹಿರಿಯ ದಂತವೈದ್ಯರೊಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದೆ. ಅವರನ್ನು ನಾವೆಲ್ಲ ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವರದೇ ಇನ್ನೊಂದು ಕ್ಲಿನಿಕ್ ಇತ್ತು. ಒಂದು ಕೋಣೆ, ಒಂದು ಕುರ್ಚಿ, ಹೊರಗೆ ಒಂದು ಬೆಂಚು. ಮಂಗಳವಾರ ಮತ್ತು ಶುಕ್ರವಾರ ನಾನು ಬಸ್ಸು ಹಿಡಿದು ಅಲ್ಲಿಗೆ ಹೋಗಬೇಕು. ಆರು ವರ್ಷದ ಅನುಭವವಿತ್ತು, ಅದಕ್ಕಿಂತ ಹೆಚ್ಚು ಧಿಮಾಕಿತ್ತು.

ಒಂದು ಶುಕ್ರವಾರ ಸರೋಜ ಎಂಬ ಹೆಂಗಸು ತನ್ನ ಮಾವನನ್ನು ಕರೆದುಕೊಂಡು ಬಂದಳು. ರಂಗಪ್ಪ, ಅರವತ್ತೆಂಟು ವರ್ಷ. ಎರಕದ ಕಾರ್ಖಾನೆಯೊಂದರಲ್ಲಿ ಮರದ ಪ್ಯಾಟರ್ನ್ ಮಾಡುತ್ತಿದ್ದವರು. ಕಬ್ಬಿಣದ ಯಾವ ಭಾಗ ಬೇಕೋ ಅದನ್ನು ಮೊದಲು ಮರದಲ್ಲಿ ಕೆತ್ತುವುದು ಅವರ ಕೆಲಸ. ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆದು ಕಬ್ಬಿಣ ಹೊಯ್ಯುವುದು ಮುಂದಿನವರದು. ಎತ್ತರದ ಆಳು. ಆದರೆ ಮುಖದ ಕೆಳಭಾಗ ಒಳಗೆ ಕುಸಿದು, ಗದ್ದ ಮೂಗಿಗೆ ಮುಟ್ಟುವಂತಾಗಿತ್ತು. ವಸಡಿನ ಕಾಯಿಲೆಯಿಂದ ಒಂದೊಂದೇ ಹಲ್ಲು ಕಿತ್ತಿಸಿ, ಕೊನೆಯದು ಹೋಗಿ ಹನ್ನೊಂದು ವರ್ಷವಾಗಿತ್ತು.

"ಇಷ್ಟು ವರ್ಷ ಯಾಕೆ ಸೆಟ್ ಹಾಕಿಸ್ಕೊಳ್ಳಲಿಲ್ಲ?" ಎಂದು ಕೇಳಿದೆ.

"ಮುದ್ದೆ ನುಂಗಕ್ಕೆ ಹಲ್ಲು ಯಾಕೆ ಮೇಡಂ?" ಎಂದರು ರಂಗಪ್ಪ.

ಸರೋಜ ತಡೆಯಲಿಲ್ಲ. "ಸುಳ್ಳು ಮೇಡಂ. ಇವ್ರು ಎಲ್ಲಾನೂ ನುಂಗ್ತಾರೆ. ಮಾಂಸದ ತುಂಡೂ ನುಂಗ್ತಾರೆ, ಕಾಳೂ ನುಂಗ್ತಾರೆ. ಎರಡು ವರ್ಷದ ಹಿಂದೆ ಹಬ್ಬದ ದಿನ ಎಲ್ಲಾರ ಮುಂದೆ ತುಂಡು ಗಂಟಲಿಗೆ ಸಿಕ್ಕೊಂಡು ಮುಖ ನೀಲಿಯಾಗೋಯ್ತು. ನನ್ನ ಗಂಡ ಬೆನ್ನಿಗೆ ಗುದ್ದಿ ಗುದ್ದಿ ಈಚೆ ತೆಗೆಸಿದ್ರು. ಅವತ್ತಿಂದ ನಮ್ಮ ಜೊತೆ ಕೂತು ಉಣ್ಣಲ್ಲ. ತಟ್ಟೆ ತಗೊಂಡು ಒಳಗೋಗಿ ಬಾಗಿಲು ಹಾಕ್ಕೋತಾರೆ. ಏನು ತಿಂತಾರೆ, ಎಷ್ಟು ತಿಂತಾರೆ, ನಂಗೆ ಗೊತ್ತೇ ಆಗಲ್ಲ."

ಕಾಲೇಜಿನಲ್ಲಿ ಹಲ್ಲಿಲ್ಲದ ಬಾಯಿಗಳನ್ನು ಎಷ್ಟೋ ನೋಡಿದ್ದೆ. ಹಲ್ಲಿಲ್ಲದ ಕಾರಣಕ್ಕೆ ಮನುಷ್ಯ ತನ್ನ ಮನೆಯಲ್ಲೇ ಕದ್ದು ಉಣ್ಣುವುದನ್ನು ಯಾರೂ ಪಾಠ ಮಾಡಿರಲಿಲ್ಲ. ರಂಗಪ್ಪ ಮಾತ್ರ ಗೋಡೆ ನೋಡುತ್ತಾ ಕೂತಿದ್ದರು.

ಬಾಯಿ ತೆರೆಸಿ ನೋಡಿದಾಗ ಇನ್ನೊಂದು ಗಾಬರಿ. ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ಮೂಳೆಯ ದಿಂಡೂ ವರ್ಷ ವರ್ಷ ಸವೆಯುತ್ತದೆ. ಮೇಲಿನ ದಿಂಡು ಪರವಾಗಿರಲಿಲ್ಲ. ಕೆಳಗಿನದು ಹೆಚ್ಚುಕಡಿಮೆ ನೆಲಸಮವಾಗಿತ್ತು. ಮೇಲಿನ ಸೆಟ್ಟು ಅಂಗುಳಿಗೆ ಹೀರಿಕೊಂಡು ನಿಲ್ಲುತ್ತದೆ. ಕೆಳಗಿನದಕ್ಕೆ ಆ ಭಾಗ್ಯವಿಲ್ಲ. ನಡುವೆ ನಾಲಿಗೆ ಆಡುತ್ತಿರುತ್ತದೆ, ಕೆನ್ನೆ ಎಳೆಯುತ್ತಿರುತ್ತದೆ, ಕೂರಲು ದಿಂಡಿನ ಆಸರೆ ಬೇಕು. ಇವರಿಗೆ ಆ ಆಸರೆಯೇ ಇಲ್ಲ. ಅದನ್ನು ಅವತ್ತೇ ಅವರಿಗೆ ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. "ಆರಾಮಾಗಿ ತಿನ್ನೋ ಹಾಗೆ ಮಾಡ್ಕೊಡ್ತೀನಿ" ಎಂದೆ.

ಅಳತೆಗೆ ಅವರು ನಾಲ್ಕು ಸಲ ಬಂದರು. ಮೊದಲ ದಿನ ಇಡೀ ಬಾಯಿಯ ಒರಟು ಅಚ್ಚು. ಅದರ ಮೇಲೆ ಅವರ ಬಾಯಿಗೇ ಹೊಂದುವ, ಅಚ್ಚು ತೆಗೆಯುವ ತಟ್ಟೆ ಮಾಡಿ, ಎರಡನೆಯ ಸಲ ಅಂಚುಗಳ ಅಚ್ಚು. ಕಡ್ಡಿಯಾಕಾರದ ಹಸಿರು ಮೇಣವನ್ನು ಬಿಸಿ ಮಾಡಿ ತಟ್ಟೆಯ ಅಂಚಿಗೆ ಹಚ್ಚಿ ಬಾಯಲ್ಲಿಟ್ಟು ಕೆನ್ನೆ, ತುಟಿ ಎಳೆದು, ನಾಲಿಗೆ ಆಚೀಚೆ ಆಡಿಸಲು ಹೇಳುತ್ತೇವೆ. ಸ್ನಾಯು ಎಲ್ಲಿಯವರೆಗೆ ಬರುತ್ತದೋ ಅಲ್ಲಿಗೆ ಅಂಚು ನಿಲ್ಲುತ್ತದೆ. ಕೊನೆಗೆ ಲವಂಗದೆಣ್ಣೆಯ ವಾಸನೆಯ ತೆಳು ಪೇಸ್ಟಿನಲ್ಲಿ ನುಣುಪಾದ ಅಚ್ಚು. ರಂಗಪ್ಪ ಪ್ರತಿಯೊಂದನ್ನೂ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಮೂರನೆಯ ಸಲ ಎತ್ತರದ ಅಳತೆ. ನಾನು ಎಡವಿದ್ದು ಇಲ್ಲಿ. ಹಲ್ಲಿದ್ದವರೂ ಇಡೀ ದಿನ ಹಲ್ಲು ಕಚ್ಚಿಕೊಂಡಿರುವುದಿಲ್ಲ. ಸುಮ್ಮನಿದ್ದಾಗ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಎರಡು ಮೂರು ಮಿಲಿಮೀಟರ್ ಸಂದು ಇರುತ್ತದೆ. ದವಡೆಗೆ ವಿಶ್ರಾಂತಿ ಸಿಗುವುದು ಆ ಸಂದಿನಲ್ಲಿ. ಹಲ್ಲೇ ಇಲ್ಲದವರಿಗೆ ಅದನ್ನು ಹೀಗೆ ಅಳೆಯುತ್ತೇವೆ: ಮೂಗಿನ ತುದಿಗೊಂದು, ಗದ್ದಕ್ಕೊಂದು ಚುಕ್ಕೆ ಇಟ್ಟು, ಮುಖ ಸಡಿಲ ಬಿಡಲು ಹೇಳಿ, ಚುಕ್ಕೆಗಳ ನಡುವಿನ ದೂರ ಹಿಡಿಯುವುದು. ಅದರಲ್ಲಿ ಎರಡು ಮೂರು ಮಿಲಿಮೀಟರ್ ಕಳೆದರೆ ಹಲ್ಲು ಕೂಡಬೇಕಾದ ಎತ್ತರ ಸಿಗುತ್ತದೆ.

ಬೆಂಚಿನಲ್ಲಿ ಏಳು ಜನ ಕಾಯುತ್ತಿದ್ದರು. "ಸಡಿಲ ಬಿಡಿ" ಎಂದೆ. ಡಾಕ್ಟರಿಗೆ ಅನುಕೂಲವಾಗಲೆಂದು ರಂಗಪ್ಪ ಬಾಯಿಯನ್ನು ಒಂದಿಷ್ಟು ತೆರೆದೇ ಹಿಡಿದಿದ್ದರು. ನಾನು ಒಂದೇ ಸಲ ಅಳೆದು ಬರೆದುಕೊಂಡೆ.

ಆದರೂ ನಾಲ್ಕನೆಯ ಸಲ ತಪ್ಪು ಸಿಕ್ಕಿಬೀಳಬೇಕಿತ್ತು. ಅವತ್ತು ಮೇಣದಲ್ಲಿ ಹಲ್ಲು ಜೋಡಿಸಿ ಬಾಯಿಗಿಟ್ಟು ನೋಡುತ್ತೇವೆ. ತಿದ್ದುವುದಿದ್ದರೆ ಅಲ್ಲೇ ತಿದ್ದಬೇಕು. ಇಟ್ಟೆ. ಒಳಗೆ ಹೋಗಿದ್ದ ಕೆನ್ನೆ ತುಂಬಿಕೊಂಡಿತು, ತುಟಿಯ ಸುತ್ತಲ ನೆರಿಗೆ ಮಾಯವಾಯಿತು.

"ಅಯ್ಯೋ ಮೇಡಂ, ಹತ್ತು ವರ್ಷ ಚಿಕ್ಕೋರಾಗ್ಬಿಟ್ರು ನಮ್ಮ ಮಾವ!" ಎಂದಳು ಸರೋಜ.

ರಂಗಪ್ಪ ಏನೋ ಹೇಳಲು ಹೋದರು. ಮಾತಿಗೊಮ್ಮೆ ಟಕ್, ಟಕ್ ಎಂದು ಹಲ್ಲಿಗೆ ಹಲ್ಲು ಬಡಿಯಿತು. ಆ ಸದ್ದು ನನ್ನ ಕಿವಿಗೆ ಬಿತ್ತು. ಬಿತ್ತು ಎಂದು ಪ್ರಮಾಣ ಮಾಡಿ ಹೇಳುತ್ತೇನೆ. ಆದರೆ ಸರೋಜಳ ಹೊಗಳಿಕೆ ಅದಕ್ಕಿಂತ ಹಿತವಾಗಿತ್ತು. "ಹೊಸದರಲ್ಲಿ ಹಾಗೇ, ರೂಢಿಯಾಗುತ್ತೆ" ಎಂದುಬಿಟ್ಟೆ.

ಸೆಟ್ಟು ಕೊಟ್ಟ ದಿನ ನನ್ನ ಪಾಠ ಒಪ್ಪಿಸಿದೆ. ರಾತ್ರಿ ತೆಗೆದು ನೀರಲ್ಲಿಡಿ. ತೊಳೆಯುವಾಗ ಕೆಳಗೆ ನೀರು ತುಂಬಿದ ಬೇಸಿನ್ ಇರಲಿ, ಬಿದ್ದರೆ ಒಡೆಯುವುದಿಲ್ಲ. ಮೂರು ದಿನ ಬಿಟ್ಟು ಬನ್ನಿ, ಚುಚ್ಚುವ ಕಡೆ ತಿದ್ದಿಕೊಡುತ್ತೇನೆ. ರಂಗಪ್ಪ ತಲೆಯಾಡಿಸಿ ಹೋದರು.

ಮೂರು ದಿನ ಬಿಟ್ಟು ಬರಲಿಲ್ಲ. ಆರು ದಿನಕ್ಕೂ ಬರಲಿಲ್ಲ. ಹಿಡಿಸಿರಬೇಕು ಎಂದುಕೊಂಡೆ. ಎಳೆಯರೇ, ಸೆಟ್ಟು ಹಾಕಿಸಿಕೊಂಡವರು ತಿರುಗಿ ಬಾರದಿದ್ದರೆ ಹಿಡಿಸಿದೆ ಎಂದು ಯಾವತ್ತೂ ಅಂದುಕೊಳ್ಳಬೇಡಿ.

ಹನ್ನೆರಡನೆಯ ದಿನ ಸರೋಜ ಒಬ್ಬಳೇ ಬಂದು ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ಟಳು. ಮುಚ್ಚಳ ತೆಗೆದವಳು ಎದ್ದು ನಿಂತೆ. ಕೆಳಗಿನ ಸೆಟ್ಟಿನ ಒಳಮೈಯನ್ನು ಯಾರೋ ಅರದಿಂದ ಉಜ್ಜಿದ್ದರು. ಮೇಲಿನದರ ಹಿಂದಿನ ಅಂಚನ್ನು ಬೆರಳಗಲ ಕತ್ತರಿಸಿ, ಮರಳುಕಾಗದ ಹಾಕಿ ನುಣ್ಣಗೆ ಮಾಡಿದ್ದರು. ಆ ನುಣುಪು ನೋಡಿದರೇ ಯಾರ ಕೈಕೆಲಸವೆಂದು ತಿಳಿಯುತ್ತಿತ್ತು.

"ಏನಿದು? ಯಾರು ಇವರಿಗೆ ಇದನ್ನ ಮುಟ್ಟೋಕೆ ಹೇಳಿದ್ದು?" ನನ್ನ ದನಿ ಬೆಂಚಿನವರೆಗೂ ಕೇಳಿಸಿತು.

"ಬೈಬೇಡಿ ಮೇಡಂ," ಎಂದಳು ಸರೋಜ ಮೆಲ್ಲಗೆ. "ಒಂದ್ಸಲ ಬಂದು ಅವ್ರ ಬಾಯಿ ನೋಡಿ. ನಾನು ಕರೆದ್ರೆ ಬರಲ್ಲ ಅಂತಾರೆ."

ಮಧ್ಯಾಹ್ನ ಕ್ಲಿನಿಕ್ ಮುಚ್ಚಿ ಅವಳ ಜೊತೆ ನಡೆದೆ. ಎರಡು ಬೀದಿ ಆಚೆ ಅವರ ಮನೆ. ರಂಗಪ್ಪ ಒಳಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದರು. ಮೊದಲ ಸಲ ಬಂದಾಗಿನದಕ್ಕಿಂತ ಇಳಿದಿದ್ದರು. ಪಕ್ಕದ ತಟ್ಟೆಯಲ್ಲಿ ಗಂಜಿ ಆರಿ ಕೆನೆಗಟ್ಟಿತ್ತು. ಕಿಟಕಿಯ ಬೆಳಕಿಗೆ ಬಾಯಿ ತೆರೆಸಿದೆ. ಒಂದು ಕಡೆ ಚುಚ್ಚಿದ್ದರೆ ಒಂದು ಹುಣ್ಣಿರುತ್ತದೆ. ಅವರ ಕೆಳದಿಂಡು ಈ ತುದಿಯಿಂದ ಆ ತುದಿವರೆಗೆ ಕೆಂಡದಂತೆ ಕೆಂಪಾಗಿ ಊದಿತ್ತು. ಗಂಜಿಯೂ ಒಳಗೆ ಇಳಿಯುತ್ತಿರಲಿಲ್ಲ. ನುಂಗುತ್ತಾ ಬದುಕಿದ್ದ ಮನುಷ್ಯನಿಂದ ನುಂಗುವುದನ್ನೂ ನಾನು ಕಿತ್ತುಕೊಂಡಿದ್ದೆ.

"ನೋವಿದ್ದಾಗ ಬರಬಾರದಿತ್ತಾ ಅಪ್ಪಾಜಿ?"

"ರೂಢಿಯಾಗುತ್ತೆ ಅಂದಿದ್ರಲ್ಲ ಮೇಡಂ. ಕಾಯ್ದೆ. ಆಗ್ಲಿಲ್ಲ. ಎಲ್ಲಿ ಒತ್ತುತ್ತೋ ಅಲ್ಲಿ ತೆಗೆದ್ರೆ ಸರಿಯಾಗುತ್ತೆ ಅಂತ ಉಜ್ಜಿದೆ. ಇನ್ನೂ ಹಾಳಾಯ್ತು." ಗಂಜಿಯ ತಟ್ಟೆಯನ್ನು ಆಚೆ ಸರಿಸಿ ಹೇಳಿದರು, "ಮೊದಲ್ನೇ ದಿನ ಹಾಕ್ಕೊಂಡು ಬಂದಾಗ ಮೊಮ್ಮಗಳು ಕಿಟಾರಂತ ಕಿರುಚ್ಕೊಂಡು ಅವರಮ್ಮನ ಹಿಂದೆ ಹೋಯ್ತು. ಅದಕ್ಕೆ ಮೂರು ವರ್ಷ. ನಂಗೆ ಹಲ್ಲಿದ್ದದ್ದನ್ನ ಅದು ನೋಡೇ ಇಲ್ಲ. ಬೇಡ ಬಿಡಿ ಮೇಡಂ. ನಂಗೆ ಇಷ್ಟೇ ಬರೆದಿರೋದು."

ಡಬ್ಬಿ ಹಿಡಿದು ನೇರ ಶಿವಮೊಗ್ಗಕ್ಕೆ ಬಂದು ದೊಡ್ಡ ಡಾಕ್ಟರ ಮುಂದಿಟ್ಟೆ. ಅವರು ಬೈಯುವುದರಲ್ಲಿ ಹೆಸರಾದವರು. ಅವತ್ತು ಬೈಯಲಿಲ್ಲ. ಮೊದಲು ಎರಡೂ ಸೆಟ್ಟು ಕಚ್ಚಿಸಿ ಹಿಡಿದು ನೋಡಿದರು, ಆಮೇಲೆ ನನ್ನ ಪುಸ್ತಕದಲ್ಲಿ ಬರೆದಿದ್ದ ಅಳತೆ ನೋಡಿದರು.

"ಇವರು ಮಾತಾಡುವಾಗ ಹಲ್ಲು ಬಡೀತಿತ್ತಾ?"

"ಹೌದು ಸಾರ್."

"ನಿಂಗೆ ಕೇಳಿಸ್ತಾ?"

ಎರಡನೆಯ "ಹೌದು" ಹೇಳುವಾಗ ನನಗೆ ಎಲ್ಲವೂ ಅರ್ಥವಾಗಿತ್ತು. ಬಾಯಿ ತೆರೆದಿದ್ದಾಗ ಅಳೆದು, ಸಂದನ್ನೇ ಬಿಡದೆ ಹಲ್ಲು ಕೂರಿಸಿದ್ದೆ. ಮಾತಾಡಿದರೂ, ಉಗುಳು ನುಂಗಿದರೂ, ಸುಮ್ಮನೆ ಕೂತರೂ ಆ ಹಲ್ಲುಗಳು ಒಂದಕ್ಕೊಂದು ಒತ್ತುತ್ತಲೇ ಇದ್ದವು. ದವಡೆಗೆ ಹನ್ನೆರಡು ದಿನ ಒಂದು ಗಳಿಗೆಯ ವಿಶ್ರಾಂತಿ ಇರಲಿಲ್ಲ. ನೆರಿಗೆ ಹೋಗಿ ಮುಖ ತುಂಬಿ ಕಂಡದ್ದೂ ಅದೇ ಕಾರಣಕ್ಕೆ. ನನ್ನನ್ನು ಹೊಗಳಿಸಿದ್ದು ನನ್ನ ತಪ್ಪೇ.

"ಆ ಮನುಷ್ಯ ಉಜ್ಜಿದ್ದು ತಪ್ಪು ಜಾಗ, ಮಾರಾಯ್ತಿ," ಎಂದರು ದೊಡ್ಡ ಡಾಕ್ಟರು. "ಒಳಮೈ ಉಜ್ಜಿದರೆ ಕೂರೋ ಜಾಗ ಹೋಗುತ್ತೆ, ಹಿಂದಿನ ಅಂಚು ಕತ್ತರಿಸಿದರೆ ಗಾಳಿ ನುಗ್ಗಿ ಮೇಲಿಂದು ಬೀಳುತ್ತೆ. ಅದು ಅವರಿಗೆ ಗೊತ್ತಿರಲಿಲ್ಲ. ನಿಂಗೆ ಗೊತ್ತಿತ್ತು. ಹೋಗಿ ತಪ್ಪು ಒಪ್ಕೊಂಡು ಹೊಸದು ಮಾಡಿಕೊಡು."

ರೋಗಿಯ ಮುಂದೆ ತಪ್ಪು ಒಪ್ಪಿಕೊಳ್ಳುವುದೇ! ಆ ಕಾಲದಲ್ಲಿ ಯಾವ ಡಾಕ್ಟರೂ ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಮುಂದಿನ ಮಂಗಳವಾರ ಓಲ್ಡ್ ಟೌನಿನ ಆ ಬೀದಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿದ್ದೇನೆ. ಕೊನೆಗೆ ಅವರ ಮಂಚದ ಎದುರು ಕೂತು ಹೇಳಿದೆ, "ನೀವು ಉಜ್ಜಿದ್ದರಿಂದ ಹಾಳಾಗಿದ್ದಲ್ಲ. ನಾನು ಅಳೆದದ್ದೇ ತಪ್ಪು. ಎತ್ತರ ಜಾಸ್ತಿಯಾಗಿತ್ತು."

ರಂಗಪ್ಪ ನನ್ನ ಮುಖವನ್ನೇ ನೋಡಿದರು. ಬೈಗುಳಕ್ಕೆ ಸಿದ್ಧವಾಗಿದ್ದೆ.

"ಎಷ್ಟು ಜಾಸ್ತಿ?" ಎಂದರು.

"ನಾಲ್ಕು ಮಿಲಿಮೀಟರ್ ಇರಬಹುದು."

"ನಾಲ್ಕು ಮಿಲಿಮೀಟ್ರಾ!" ಅವರು ಎದ್ದೇ ನಿಂತರು. "ನಮ್ಮಲ್ಲಿ ಅರ್ಧ ಮಿಲಿಮೀಟರಿಗೆ ಪೀಸು ವಾಪಸ್ ಕಳಿಸ್ತಿದ್ರು ಮೇಡಂ!" ಆಮೇಲೆ ಅವರು ತಾವಾಗಿಯೇ ಕೂತು, "ಪ್ಯಾಟರ್ನೇ ಕೆಟ್ಟಿದ್ರೆ ಎರಕಾನ ಎಷ್ಟು ಉಜ್ಜಿದ್ರೂ ಅಷ್ಟೇ. ಹೊಸ ಪ್ಯಾಟರ್ನೇ ಮಾಡ್ಬೇಕು. ಯಾವತ್ತು ಬರ್ಲಿ?" ಎಂದರು.

ತಕ್ಷಣ ಬರುವುದು ಬೇಡವೆಂದೆ. ಊದಿದ ವಸಡಿನ ಮೇಲೆ ಅಚ್ಚು ತೆಗೆದರೆ ಊತದ್ದೇ ಅಚ್ಚು ಬರುತ್ತದೆ. ಎರಡು ವಾರ ಬಾಯಿ ಖಾಲಿ ಬಿಟ್ಟು, ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಮುಕ್ಕಳಿಸಿ, ವಸಡು ತನ್ನ ಬಣ್ಣಕ್ಕೆ ಬಂದ ಮೇಲೆ ಶುರುಮಾಡಿದೆವು. ಈ ಸಲ ಎತ್ತರದ ಅಳತೆಗೆ ಅರ್ಧ ಬೆಳಗ್ಗೆ ಮೀಸಲಿಟ್ಟೆ. ಅವರನ್ನು ನೆಟ್ಟಗೆ ಕೂರಿಸಿ, "ಮ್ ಅನ್ನಿ" ಎಂದು ತುಟಿ ತಾವಾಗಿ ಮುಟ್ಟುವಂತೆ ಮಾಡಿದೆ. ಉಗುಳು ನುಂಗಿಸಿ, ಭುಜ ಇಳಿಬಿಡಿಸಿ, ಮಾತಾಡಿಸಿ ಮರೆಸಿ ಅಳೆದೆ. ಐದು ಸಲ. ಮೂರು ಸಲ ಒಂದೇ ಅಂಕಿ ಬಂದ ಮೇಲೆ ಬರೆದುಕೊಂಡೆ. ಮೇಣದ ಹಲ್ಲು ಇಟ್ಟು ನೋಡಿದ ದಿನ "ಸಾಸಿವೆ, ಸೀಸ, ಸೋಸಿದ ಸಾರು" ಎಂದು ಹೇಳಿಸಿದೆ. ಸಕಾರ ಹೇಳುವಾಗ ಹಲ್ಲುಗಳು ಅತಿ ಹತ್ತಿರ ಬರಬೇಕು, ಆದರೆ ತಾಕಬಾರದು. ಸದ್ದಿಲ್ಲ. ಸರೋಜ ಮಾತ್ರ ಸಪ್ಪೆ ಮುಖ ಮಾಡಿ, "ಮೊದಲ್ನೇದ್ರಲ್ಲಿ ಇನ್ನೂ ಚೆನ್ನಾಗಿ ಕಾಣ್ತಿದ್ರಲ್ವಾ?" ಎಂದಳು. ಈ ಸಲ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೇಣ ಹೋಗಿ ಸೆಟ್ಟಾಗುವುದನ್ನು ನೋಡಬೇಕೆಂದು ರಂಗಪ್ಪ ಶಿವಮೊಗ್ಗದ ನಮ್ಮ ಲ್ಯಾಬಿಗೇ ಬಂದರು. ಹಿತ್ತಾಳೆಯ ಎರಡು ಭಾಗದ ಪೆಟ್ಟಿಗೆಯಲ್ಲಿ ಪ್ಲಾಸ್ಟರ್ ತುಂಬಿ ಮೇಣದ ಸೆಟ್ಟನ್ನು ಹೂಳುತ್ತೇವೆ. ಬಿಸಿನೀರಿನಲ್ಲಿಟ್ಟು ಪೆಟ್ಟಿಗೆ ತೆರೆದರೆ ಮೇಣ ಕರಗಿ ಹೋಗಿರುತ್ತದೆ, ಹಲ್ಲುಗಳು ಪ್ಲಾಸ್ಟರಿನಲ್ಲಿ ಹಿಡಿದು ನಿಂತಿರುತ್ತವೆ. ಆ ಖಾಲಿ ಜಾಗಕ್ಕೆ ಗುಲಾಬಿ ಅಕ್ರಿಲಿಕ್ಕನ್ನು ಹಿಟ್ಟಿನಂತೆ ಕಲಸಿ ತುಂಬಿ, ಬಿಗಿದು, ನೀರಿನಲ್ಲಿ ನಿಧಾನಕ್ಕೆ ಬೇಯಿಸುತ್ತೇವೆ.

"ಅರೆ, ಇದು ನಮ್ಮದೇ ಕೆಲಸ!" ಎಂದು ಅವರು ಬಾಯಿಬಿಟ್ಟುಕೊಂಡು ನಿಂತರು. ನಮ್ಮ ಟೆಕ್ನಿಷಿಯನ್ ಬೇಗ ಮುಗಿಸಲೆಂದು ಬಿಸಿ ಪೆಟ್ಟಿಗೆಯನ್ನು ನಲ್ಲಿಯ ಕೆಳಗೆ ಹಿಡಿಯಹೋದ. ರಂಗಪ್ಪ ಅವನ ಕೈಯನ್ನೇ ಹಿಡಿದುಬಿಟ್ಟರು. "ಬೇಡಪ್ಪಾ, ತಾನಾಗೇ ಆರಲಿ. ಬೇಗ ಆರಿಸಿದ್ರೆ ಸೊಟ್ಟಗಾಗುತ್ತೆ." ಅವರ ಮಾತು ಅಕ್ಷರಶಃ ಸರಿ. ನಮ್ಮ ಪುಸ್ತಕದಲ್ಲೂ ಹಾಗೇ ಇದೆ. ನಾವು ಓದಿ, ಪರೀಕ್ಷೆ ಬರೆದು, ಮರೆತಿದ್ದೆವು.

ಎರಡನೆಯ ಸೆಟ್ಟು ಕೊಟ್ಟ ದಿನ, ಮೊದಲ ದಿನವೇ ಹೇಳಬೇಕಿದ್ದನ್ನು ಹೇಳಿದೆ. ಕೆಳಗಿನದು ಯಾವತ್ತೂ ಅಷ್ಟಿಷ್ಟು ಅಲ್ಲಾಡುತ್ತದೆ. ನಾಲಿಗೆಯ ತುದಿಯನ್ನು ಕೆಳಗಿನ ಮುಂಹಲ್ಲಿನ ಹಿಂದೆ ಇಟ್ಟು ಅದನ್ನು ಹಿಡಿದುಕೊಳ್ಳುವುದನ್ನು ಕಲಿಯಬೇಕು. ಕೆಲವು ದಿನ ಬಾಯಲ್ಲಿ ಜೊಲ್ಲು ಜಾಸ್ತಿ, ಹೆದರಬಾರದು. ಮುಂಹಲ್ಲಿನಿಂದ ಕಚ್ಚಿ ಎಳೆಯಬಾರದು, ಎಳೆದರೆ ಹಿಂದೆ ಎದ್ದುಬಿಡುತ್ತದೆ. ತುತ್ತನ್ನು ಎರಡು ಪಾಲು ಮಾಡಿ ಎರಡೂ ಕಡೆಯ ದವಡೆಗೆ ಕೊಟ್ಟು, ಒಟ್ಟಿಗೆ ನಿಧಾನಕ್ಕೆ ಅಗಿಯಬೇಕು. ಅಂಗುಳು ಮುಚ್ಚಿರುವುದರಿಂದ ಬಿಸಿಯೂ ಮುಳ್ಳೂ ಗೊತ್ತಾಗುವುದಿಲ್ಲ, ಮೊದಲು ಬೆರಳಲ್ಲಿ ನೋಡಿ ಬಾಯಿಗಿಡಬೇಕು. ಮೊದಲ ವಾರ ಮೆತ್ತಗಿನ ಅನ್ನ, ಚೂರು ಮಾಡಿದ ಇಡ್ಲಿ. ಆಮೇಲೆ ಬೇಯಿಸಿದ ತರಕಾರಿ. ನೋವಾದರೆ ಬರುವ ಹಿಂದಿನ ದಿನ ಹಾಕಿಕೊಂಡೇ ಇರಬೇಕು, ಇಲ್ಲದಿದ್ದರೆ ಜಾಗ ನನಗೆ ಕಾಣುವುದಿಲ್ಲ.

"ಮತ್ತೆ ಅರ?" ಎಂದೆ.

"ಟ್ರಂಕಿನಲ್ಲಿಟ್ಟು ಬೀಗ ಹಾಕಿದೀನಿ ಮೇಡಂ."

ಮೂರನೆಯ ದಿನ ಬಂದರು. ಎಡಗಡೆ ಒಂದು ಸಣ್ಣ ಹುಣ್ಣು, ಒಂದೇ. ನೆನೆದರೆ ನೇರಳೆಯಾಗುವ ಪೆನ್ಸಿಲಿನಿಂದ ಅದರ ಮೇಲೆ ಚುಕ್ಕೆ ಇಟ್ಟು ಸೆಟ್ಟು ಹಾಕಿ ತೆಗೆದೆ. ಚುಕ್ಕೆ ಸೆಟ್ಟಿನ ಮೇಲೆ ಮೂಡಿತು. ಅಷ್ಟನ್ನೇ ತೆಗೆದೆ. ರಂಗಪ್ಪ ಆ ಪೆನ್ಸಿಲನ್ನೂ ಚುಕ್ಕೆಯನ್ನೂ ಬಹಳ ಹೊತ್ತು ನೋಡಿ, "ಇಷ್ಟೇನಾ!" ಎಂದರು. ಒಂದು ವಾರದ ಮೇಲೆ ಇನ್ನೊಂದು ಕಡೆ. ಆಮೇಲೆ ನೋವಿಲ್ಲ. ಮನೆಯಲ್ಲಿ ದಿನಾ ಪೇಪರನ್ನು ಗಟ್ಟಿಯಾಗಿ ಓದಿ ನಾಲಿಗೆ ಪಳಗಿಸಿಕೊಂಡರು. ಮೊಮ್ಮಗಳ ಎದುರಿಗೇ ತೆಗೆದು, ತೊಳೆದು, ಹಾಕಿಕೊಂಡು ತೋರಿಸುತ್ತಿದ್ದರಂತೆ. ನಾಲ್ಕು ದಿನಕ್ಕೆ ಅವಳ ಭಯ ಹೋಯಿತು.

ಏಳನೆಯ ವಾರ ಸರೋಜ ನನ್ನನ್ನು ಮಧ್ಯಾಹ್ನದ ಊಟಕ್ಕೆ ಕರೆದಳು. ಹೋದರೆ ಅಡುಗೆಮನೆಯ ನೆಲದ ಮೇಲೆ ಸಾಲಾಗಿ ತಟ್ಟೆಗಳು. ನನ್ನ ಪಕ್ಕದ ತಟ್ಟೆಯ ಮುಂದೆ ರಂಗಪ್ಪ ಕೂತಿದ್ದರು. ಎದುರಿಗೆ ಮಗ, ಮೊಮ್ಮಗಳು. ಬಿಸಿ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ನಾನು ನನ್ನ ತಟ್ಟೆ ಬಿಟ್ಟು ಅವರ ದವಡೆಯನ್ನೇ ನೋಡುತ್ತಿದ್ದೆ. ರೊಟ್ಟಿ ಮುರಿದರು, ಚೂರನ್ನು ಎರಡು ಮಾಡಿ ಬಾಯಿಗಿಟ್ಟರು, ಅಗಿದರು. ಕಾರ್ಖಾನೆಯ ಯಾವುದೋ ಹಳೆಯ ಜಗಳ ಹೇಳುತ್ತಾ ಅಗಿದರು. ಮೂರನೆಯ ರೊಟ್ಟಿಯ ಹೊತ್ತಿಗೆ ಅವರ ಬಾಯಲ್ಲಿ ಸೆಟ್ಟಿದೆ ಎಂಬುದೇ ಅವರಿಗೆ ನೆನಪಿದ್ದಂತೆ ಕಾಣಲಿಲ್ಲ.

"ಇನ್ನೊಂದು ಹಾಕಮ್ಮಾ," ಎಂದರು.

ಸರೋಜ ಬುಟ್ಟಿಗೆ ಕೈಹಾಕಿ ಹಾಗೇ ನಿಂತಳು. ಬುಟ್ಟಿ ಖಾಲಿಯಾಗಿತ್ತು. ಕಲಸಿದ ಹಿಟ್ಟಿನ ಪಾತ್ರೆ ನೋಡಿದಳು, ಅದೂ ಖಾಲಿ. ಅವಳ ಮುಖ ಬಿಳಿಚಿಕೊಂಡಿತು.

"ಮಾವ, ನೀವು ಇಷ್ಟು ತಿಂತೀರ ಅಂತ ನಂಗೆ ಗೊತ್ತೇ ಇರ್ಲಿಲ್ಲ," ಎಂದಳು. "ಎರಡು ವರ್ಷದಿಂದ ನಿಮ್ಮ ಲೆಕ್ಕದಲ್ಲಿ ಒಂದೇ ರೊಟ್ಟಿ ತಟ್ತಿದ್ದೆ."

ರಂಗಪ್ಪ ಅಗಿಯುತ್ತಿದ್ದದ್ದನ್ನು ನಿಲ್ಲಿಸಿ ಸೊಸೆಯ ಮುಖ ನೋಡಿದರು. ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡು, ಪಾತ್ರೆಗೆ ನೀರು ಹೊಯ್ದು ಒಲೆ ಹಚ್ಚಿದಳು.

"ಏಳ್ಬೇಡಿ ಮಾವ, ಅಲ್ಲೇ ಕೂತಿರಿ," ಎಂದು ಡಬ್ಬದಿಂದ ಅಕ್ಕಿಹಿಟ್ಟು ಸುರಿದುಕೊಂಡಳು.